ಟ್ಯಾಂಕು ಎತ್ತರಿಸೂಕಿಂತ ಮೊದಲ ಒಂದು ಬಕೆಟ್ ಹಿಡೀರಿ

ಈ ಬ್ಯಾಸಗಿಯಾಗ ನಮ್ಮ ಬಳಗದ ನಾಲ್ಕೂ ಮನಿಯಾಗ ಒಂದ ಮಾತು: "ನಳದಾಗ ನೀರಿಗೆ ಫೋರ್ಸ್ ಇಲ್ಲ, ಟ್ಯಾಂಕು ಮ್ಯಾಲ ಎತ್ತಬೇಕು." ಹಾನಗಲ್ಲಿನ ನಮ್ಮನಿ, ಶಿಗ್ಗಾಂವಿಯ ನೆಗೆಣ್ಣಿ ಮನಿ, ಸವಣೂರಿನ ತಂಗಿ ಮನಿ, ಹಿರೇಕೆರೂರಿನ ತವರಮನಿ, ಎಲ್ಲಾ ಕಡೆ ಗೌಂಡಿಗಳು ಇದನ್ನ ಹೇಳಿ ಹೋಗ್ಯಾರ. ನನ್ನ ಅಭಿಪ್ರಾಯ ಕೇಳಿದ್ರ, ನಾಲ್ಕರಾಗ ಒಂದ ಮನಿಗೆ ಈ ಮಾತು ಸರಿ. ಉಳಿದ ಮೂರಕ್ಕ ರೊಕ್ಕ ದಂಡ. ಯಾಕ ಅಂತ ಹೇಳ್ತೀನಿ, ಕುಂತು ಓದ್ರಿ.

ಮೊದಲ ಶಿಗ್ಗಾಂವಿ ಕಥಿ. ನೆಗೆಣ್ಣಿ 500 ಲೀಟರಿನ ಸಿಂಟೆಕ್ಸ್ ತಗಸಿ 1000 ಲೀಟರಿಂದು ಕೂಡಿಸಿದ್ಲು. ನೀರು ಜಾಸ್ತಿ ಇದ್ರ ಜೋರಾಗಿ ತಳ್ಳತೈತಿ ಅಂತ ಆಕೀ ಲೆಕ್ಕ. ಆದ್ರ ನಳದ ಜೋರು ಮೊದಲಿನಷ್ಟ ಉಳೀತು. ಯಾಕಂದ್ರ ನಳದ ಬಾಯಿಗೆ ಟ್ಯಾಂಕಿನಾಗ ಎಷ್ಟು ಲೀಟರ್ ಐತಿ ಅನ್ನೂದು ಗೊತ್ತಾಗೂದಿಲ್ಲ. ನೀರಿನ ಮೇಲ್ಮಟ್ಟ ತನಗಿಂತ ಎಷ್ಟು ಎತ್ತರದಾಗ ಐತಿ ಅನ್ನೂದಷ್ಟ ಗೊತ್ತಾಗತೈತಿ. ಟ್ಯಾಂಕು ಅಗಲ ಇದ್ರೂ ಅಷ್ಟ, ಸಣ್ಣದಿದ್ರೂ ಅಷ್ಟ. ಸುಮಾರು 33 ಅಡಿ ಎತ್ತರಕ್ಕ ಒಂದು ಚದರ ಸೆಂಟಿಮೀಟರಿನ ಮ್ಯಾಲ ಒಂದು ಕೇಜಿ ಭಾರ ಬೀಳತೈತಿ. 3 ಅಡಿ ಎತ್ತರ ಅಂದ್ರ ಅದರ ಹನ್ನೊಂದನೇ ಒಂದು ಪಾಲು. ದೊಡ್ಡ ಟ್ಯಾಂಕಿನಿಂದ ನೀರು ಎರಡು ದಿನ ಹೆಚ್ಚಿಗೆ ಬರಬಹುದು, ಜೋರಾಗಿ ಬರೂದಿಲ್ಲ.

ಎತ್ತರದ ಈ ಒತ್ತಡ ನಮ್ಮ ಕಡೆಯವರಿಗೆ ಹೊಸಾದಲ್ಲ. ವಿಜಯಪುರ ನೋಡಾಕ ಹೋದವರು ಅಲ್ಲಲ್ಲಿ ನಿಂತ ಹಳೇ ನೀರಿನ ಗೋಪುರ ನೋಡಿರ್ತೀರಿ, ಗಂಜ್ ಅಂತಾರ. ಆದಿಲಶಾಹಿ ಕಾಲದಾಗ ದೂರದಿಂದ ಪೈಪಿನಾಗ ಊರೊಳಗ ತಂದ ನೀರಿನ ಒತ್ತಡ ತಗ್ಗಿಸಾಕ ಅವನ್ನ ಕಟ್ಟಿದ್ರು. ಅವರಿಗೆ ಒತ್ತಡ ಹೆಚ್ಚಾಗಿತ್ತು, ನಮಗ ಕಡಿಮಿ. ಕಾರಣ ಎರಡಕ್ಕೂ ಎತ್ತರನ.

ಈಗ ನಮ್ಮನಿ ಲೆಕ್ಕ. ಮಹಡಿ ಮನಿ, ಒಂದೊಂದು ಅಂತಸ್ತು 10 ಅಡಿ, ಮ್ಯಾಲಿನ ಮಾಳಿಗಿ 20 ಅಡಿ ಎತ್ತರದಾಗ. ಅದರ ಮ್ಯಾಲ 1 ಅಡಿ ಕಟ್ಟಿ, ಕಟ್ಟಿ ಮ್ಯಾಲ ಟ್ಯಾಂಕು. ಟ್ಯಾಂಕು ಅರ್ಧ ತುಂಬಿದಾಗ ನೀರಿನ ಮಟ್ಟ ಅಂದಾಜು 23 ಅಡಿಗೆ ಬರತೈತಿ. ತೆಳಗಿನ ಅಡಗಿ ಮನಿ ನಳ 4 ಅಡಿ ಎತ್ತರದಾಗ ಐತಿ, ಹಂಗಾದ್ರ ಅದರ ಪಾಲಿಗೆ 19 ಅಡಿ ಎತ್ತರ ಸಿಕ್ಕಂಗಾತು. ಮ್ಯಾಲಿನ ಬಚ್ಚಲದ ಶವರ್ 17 ಅಡಿ ಎತ್ತರದಾಗ ಐತಿ, ಅದಕ್ಕ ಸಿಗೂದು ಬರೇ 6 ಅಡಿ. ಸೊಸಿ ತಲಿ ತೊಳಕೊಳ್ಳಾಕ ನಿಂತ್ರ ನೀರು ನೂಲಿನಂಗ ಬರತೈತಿ. ಟ್ಯಾಂಕು ಖಾಲಿ ಆದಂಗ ಅದೂ ಇಲ್ಲ. ಆಕೀ ದಿನಾ ತೆಳಗಿಂದ ಬಕೆಟ್ ಹೊತ್ತು ಮ್ಯಾಲ ಹತ್ತತಾಳ. ಆ ಬಸರಿ ಹೆಣ್ಣಮಗಳು ಮೆಟ್ಟಿಲ ಹತ್ತೂದು ನೋಡಿದ ಮ್ಯಾಲನ ನಾನು ಈ ಲೆಕ್ಕಕ್ಕ ಕುಂತೆ.

ಟ್ಯಾಂಕು 4 ಅಡಿ ಎತ್ತಿದ್ರ ಅಡಗಿ ಮನಿ ನಳಕ್ಕ 19 ಹೋಗಿ 23 ಅಡಿ, ಶವರಿಗೆ 6 ಹೋಗಿ 10 ಅಡಿ ಆಗತೈತಿ. ಆದ್ರ ನೀರು ಎತ್ತರದಷ್ಟ ಹೆಚ್ಚಾಗೂದಿಲ್ಲ. ಎತ್ತರ ನಾಲ್ಕು ಪಟ್ಟು ಆದಾಗ ನೀರು ಹೆಚ್ಚುಕಡಿಮಿ ಎರಡು ಪಟ್ಟು ಆಗತೈತಿ. ಈ ಲೆಕ್ಕದಾಗ ಅಡಗಿ ಮನಿ ನಳದಾಗ ನೂರಕ್ಕ 10ರಷ್ಟು ಹೆಚ್ಚು ನೀರು ಬರತೈತಿ. ಒಂದು ನಿಮಿಷಕ್ಕ ತುಂಬೂ ಬಕೆಟ್ 55 ಸೆಕೆಂಡಿಗೆ ತುಂಬತೈತಿ, ಅಷ್ಟ. ಪಾತ್ರಿ ತೊಳಿಯೋರಿಗೆ ಅದು ಗೊತ್ತೂ ಆಗೂದಿಲ್ಲ. ಶವರಿಗೆ ಮಾತ್ರ ನೂರಕ್ಕ 30ರ ಹತ್ರ ಹೆಚ್ಚಾಗತೈತಿ. 3 ನಿಮಿಷಕ್ಕ ತುಂಬೂ ಬಕೆಟ್ 2 ನಿಮಿಷ 20 ಸೆಕೆಂಡಿಗೆ ತುಂಬತೈತಿ. ಅಂದ್ರ ಟ್ಯಾಂಕು ಎತ್ತರಿಸೂದ್ರಿಂದ ಲಾಭ ಇರೂದು ಟ್ಯಾಂಕಿಗೆ ಹತ್ರ ಇರೂ ಮ್ಯಾಲಿನ ನಳಕ್ಕ. ತೆಳಗಿನ ನಳಕ್ಕ ಎತ್ತರ ಮೊದಲ ಸಾಕಷ್ಟು ಇರತೈತಿ.

ಹಂಗಾದ್ರ ತೆಳಗಿನ ನಳ ಯಾಕ ಸೊರಗತೈತಿ? ಇದಕ್ಕ ಸವಣೂರಿನ ತಂಗಿ ಮನಿ ನೋಡ್ರಿ. ಆಕೀ ಗೌಂಡಿ ಮಾತು ಕೇಳಿ 4 ಅಡಿ ಎತ್ತಿಸಿದ್ಲು, ಏನೂ ಬದಲಾಗಲಿಲ್ಲ. ನಾನು ಹೋದಾಗ ನಳ ತಿರುವಿದೆ. ಮೊದಲ ಒಂದು ಕ್ಷಣ ಭರ್ರಂತ ಬಂದು ತಕ್ಷಣ ಸಣ್ಣಗ ಆತು. ಬಚ್ಚಲದ ನಳ ಬಿಟ್ರ ಅಡಗಿ ಮನಿಯಾಗ ನಿಂತ ಹೋತು. ಇವೆರಡೂ ಪೈಪು ಕಟ್ಟಿದ್ದರ ಗುರುತು. ನಳ ಮುಚ್ಚಿದಾಗ ನೀರು ನಿಂತಿರತೈತಿ, ಎತ್ತರದ ಒತ್ತಡ ಪೂರಾ ನಳದ ಬಾಯಿತನಕ ಬಂದು ಕುಂತಿರತೈತಿ. ನೀರು ಹರಿಯಾಕ ಹತ್ತಿದ ಕೂಡಲೇ ಇಕ್ಕಟ್ಟಾದ ಪೈಪು ಆ ಒತ್ತಡ ನುಂಗತೈತಿ. ಆಕೀದು ಹಳೇ ಕಬ್ಬಿಣದ ಅರ್ಧ ಇಂಚಿನ ಪೈಪು, ಬೋರಿನ ಗಡಸು ನೀರು. ಹಂಡೆ ತಳಕ್ಕ ಕಟ್ಟೂ ಬಿಳೀ ಪದರ ಪೈಪಿನೊಳಗೂ ಕಟ್ಟತೈತಿ, ಕಬ್ಬಿಣದ ತುಕ್ಕೂ ಸೇರತೈತಿ. 15 ಮಿಲಿಮೀಟರ್ ಕಿಂಡಿ 10ಕ್ಕ ಇಳಿದ್ರ ನೀರು ಮೂರರಾಗ ಒಂದು ಪಾಲಿಗೆ ಇಳೀತೈತಿ. ಅದನ್ನ ಎತ್ತರದಿಂದ ತುಂಬಬೇಕಂದ್ರ ಟ್ಯಾಂಕನ್ನ ಈಗಿನ ಎಂಟೊಂಬತ್ತು ಪಟ್ಟು ಎತ್ತರಕ್ಕ ಒಯ್ಯಬೇಕಾದೀತು. ಯಾರು ಒಯ್ತಾರ? ಪೈಪು ಬದಲಿ ಮಾಡಿ, ಟ್ಯಾಂಕಿಂದ ಇಳಿಯೂದನ್ನ ಒಂದು ಇಂಚಿಂದು ಹಾಕಿದ್ಲು. ಈಗ ಎರಡೂ ನಳ ಕೂಡೇ ಬರತಾವ.

ಹಿರೇಕೆರೂರಿನ ತವರಮನಿಗೆ ನಾನು ಎತ್ತರಿಸಬ್ಯಾಡ್ರಿ ಅಂದಿದ್ದಕ್ಕ ಕಾರಣ ಬ್ಯಾರೆ. ಅಲ್ಲಿ ಮೋಟರ್ ಇಲ್ಲ. ಊರ ನಳದ ನೀರು ತಾನಾಗಿ ಮಾಳಿಗಿ ಟ್ಯಾಂಕಿಗೆ ಏರತೈತಿ, ಅದೂ ತುದಿಗಾಲ ಮ್ಯಾಲ ನಿಂತಂಗ. ಊರ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮ್ಯಾಲ ಆ ನೀರು ತಾನಾಗಿ ಎಂದೂ ಏರೂದಿಲ್ಲ. ದಾರಿಯಾಗಿನ ಮನಿಗಳು ನಳ ಬಿಟ್ಟಾಗ ಇನ್ನೂ ತೆಳಗ ಉಳೀತೈತಿ. 4 ಅಡಿ ಎತ್ತಿದ್ರ ತುಂಬೂ ಟ್ಯಾಂಕೂ ತುಂಬದಂಗ ಆದೀತು. ಅವ್ವಗ ಹೇಳಿದೆ, ಮೊದಲ ನಳದ ಬಾಯಿಯ ಜಾಳಿಗಿ ಬಿಚ್ಚಿ ತೊಳೀರಿ ಅಂತ. ಒಂದು ಚಮಚಾ ಮರಳು ಬಂತು, ಅಲ್ಲಿಗೆ ತಕರಾರು ಮುಗೀತು.

ನೀವೂ ಗೌಂಡಿ ಕರಿಯೂಕಿಂತ ಮೊದಲ ಬಕೆಟ್ ಹಿಡೀರಿ. ನಳದ ಜಾಳಿಗಿ ತಗದು, ಬ್ಯಾರೆ ನಳ ಎಲ್ಲಾ ಮುಚ್ಚಿ, ಎಷ್ಟು ಸೆಕೆಂಡಿಗೆ ತುಂಬತೈತಿ ನೋಡ್ರಿ. ಆಮ್ಯಾಲ ಇನ್ನೊಂದು ನಳ ಬಿಟ್ಟು ಮತ್ತ ನೋಡ್ರಿ. ಎರಡನೇ ಸಲ ಬಹಳ ಹೊತ್ತು ಹಿಡಿದ್ರ ತಪ್ಪು ಪೈಪಿಂದು. ತೆಳಗ ಚಲೋ ಬಂದು ಮ್ಯಾಲ ಅಷ್ಟ ಸೊರಗಿದ್ರ ತಪ್ಪು ಎತ್ತರದ್ದು.

ನಮ್ಮನಿದು ಎರಡನೇದು, ಅದಕ್ಕ ಎತ್ತರಿಸಾಕ ಒಪ್ಪಿದೆ. ಆದ್ರ ಗೌಂಡಿ ತೋರಿಸಿದ ಮಾಳಿಗಿ ನಟ್ಟನಡುವ ಬ್ಯಾಡ ಅಂದೆ. 1000 ಲೀಟರ್ ನೀರಂದ್ರ 1000 ಕೇಜಿ, ಹತ್ತು ಕ್ವಿಂಟಲ್ ಭತ್ತದ ಚೀಲ ನಾಲ್ಕು ಕಾಲಿನ ಮ್ಯಾಲ ಪೇರಿಸಿದಂಗ. ಆ ಕಾಲು ಬರೇ ಸ್ಲ್ಯಾಬಿನ ಮ್ಯಾಲ ಊರಬಾರದು, ತೆಳಗ ಗ್ವಾಡಿ ಇಲ್ಲಾ ಭೀಮು ಇರಬೇಕು. ಬಚ್ಚಲದ ಗ್ವಾಡಿ ಮ್ಯಾಲ ಕೂಡಿಸ್ತೀವಿ, ಶವರಿಗೆ ಬ್ಯಾರೆ ಪೈಪು ಇಳಸ್ತೀವಿ. ಸೊಸಿ ಈ ತಿಂಗಳದಾಗ ಬಕೆಟ್ ಹೊರೂದು ನಿಲ್ಲಬೇಕು. ಅಷ್ಟರತನಕ ಮನಿ ಗಂಡಸರು ಹೊರ್ತಾರ, ಹೇಳೀನಿ.