ಫಾರ್ಮ್ಯಾಟ್ ಹೊಡೆಸೋಕೆ ಮುಂಚೆ ಆ ಎಸ್‌ಎಸ್‌ಡಿ ಬಿಚ್ಚಿಡಿ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಆಫೀಸ್ ಲ್ಯಾಪ್‌ಟಾಪ್‌ಗೆ ವೈರಸ್ ಬಂತು ಅಂದ್ರೆ ಒಂದೇ ಔಷಧಿ: ಅಂಗಡಿಗೆ ಕೊಟ್ಟು "ಫಾರ್ಮ್ಯಾಟ್ ಹೊಡೀರಿ" ಅನ್ನೋದು. ಹೀಗೆ ಮಾಡಿದ್ರೆ ನಷ್ಟ ಮಾಲೀಕನಿಗಿಂತ ಹೆಚ್ಚಾಗಿ ಆ ಲ್ಯಾಪ್‌ಟಾಪ್ ಮುಂದೆ ಕೂರೋ ಹುಡುಗ-ಹುಡುಗಿಗೆ ಆಗುತ್ತೆ ಅನ್ನೋದು ನನ್ನ ವಾದ. ಬಿಕಾಂ ಮುಗಿಸಿ ಆ ಕುರ್ಚಿಗೆ ಹೋಗೋರು ನಾವೇ ತಾನೇ.

2025ರ ಜುಲೈ 19ರಂದು ಕಾಯಿನ್‌ಡಿಸಿಎಕ್ಸ್ ಕ್ರಿಪ್ಟೋ ಕಂಪನಿಯಿಂದ ಸುಮಾರು 4.4 ಕೋಟಿ ಡಾಲರ್ ಹೋಯ್ತು. ಕೆಲವೇ ದಿನಗಳಲ್ಲಿ ಬೆಂಗಳೂರು ಪೊಲೀಸರು ಅದೇ ಕಂಪನಿಯ ಒಬ್ಬ ಎಂಜಿನಿಯರ್‌ನ ಬಂಧಿಸಿದ್ರು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದ್ದು ನಿಜ, ಕಳ್ಳತನ ಗೊತ್ತಿಲ್ಲ ಅಂತ ಅವರು ಹೇಳಿದ್ದಾಗಿ ವರದಿಯಾಯ್ತು. ಯಾರು ಸರಿ ಅಂತ ನಾನು ತೀರ್ಪು ಕೊಡ್ತಿಲ್ಲ. ಆದ್ರೆ ಯೋಚಿಸಿ: ಯಾವ ಫೈಲ್ ಯಾವಾಗ ಬಂತು, ಯಾರು ತೆರೆದ್ರು, ಅದು ಹಿಂದೆ ಕೂತು ಏನು ಮಾಡ್ತು ಅನ್ನೋದಕ್ಕೆ ಉತ್ತರ ಆ ಲ್ಯಾಪ್‌ಟಾಪ್‌ನಲ್ಲೇ ಇರುತ್ತೆ. ಅದನ್ನ ಅಳಿಸಿದ್ರೆ "ನಾನಲ್ಲ" ಅನ್ನೋ ಮಾತಿಗೆ ಸಾಕ್ಷಿ ಎಲ್ಲಿಂದ ತರ್ತೀರಾ?

ಈಗ ನಮ್ಮೂರಿನ ಒಂದು ಎಣ್ಣೆ ಮಿಲ್ ಅಂತ ಅಂದ್ಕೊಳ್ಳಿ. ಬೆಳಿಗ್ಗೆ 11ಕ್ಕೆ ಅಕೌಂಟೆಂಟ್ "ಜಿಎಸ್‌ಟಿ ಬಿಲ್" ಅಂತ ಬಂದ ಫೈಲ್ ತೆರೀತಾಳೆ. ಏನೂ ಕಾಣಲ್ಲ. 11:40ಕ್ಕೆ ಮೌಸ್ ತಾನಾಗೇ ಓಡಾಡುತ್ತೆ.

ಮೊದಲು ನೆಟ್ ಕಡೀಬೇಕು: ಕೇಬಲ್ ಕೀಳಿ, ವೈಫೈ, ಬ್ಲೂಟೂತ್ ಆಫ್ ಮಾಡಿ. ಲ್ಯಾಪ್‌ಟಾಪ್ ಮಾತ್ರ ಆಫ್ ಮಾಡ್ಬೇಡಿ, ಚಾರ್ಜರ್ ಹಾಕಿಡಿ. ಈಗ ಯಾವ ಪ್ರೋಗ್ರಾಂ ಓಡ್ತಿದೆ ಅನ್ನೋ ಗುರುತು ರ‍್ಯಾಮ್‌ನಲ್ಲಿದೆ, ಕರೆಂಟ್ ಹೋದ್ರೆ ಅದೂ ಹೋಗುತ್ತೆ. (ಕಣ್ಮುಂದೆನೇ ಫೈಲ್‌ಗಳೆಲ್ಲ ಒಂದೊಂದಾಗಿ ಲಾಕ್ ಆಗ್ತಿದ್ರೆ ಮಾತ್ರ ಬೇರೆ ಲೆಕ್ಕ. ಆಗ ತಕ್ಷಣ ಆಫ್ ಮಾಡೋದೇ ಮೇಲು, ಉಳಿದ ಫೈಲಾದ್ರೂ ಸಿಗುತ್ತೆ.) ಆಂಟಿವೈರಸ್ ಸ್ಕ್ಯಾನ್ ಕೂಡ ಓಡಿಸ್ಬೇಡಿ, ನಮಗೆ ಬೇಕಾದ ಫೈಲನ್ನೇ ಅದು ಅಳಿಸಿಬಿಡಬಹುದು. ಗಡಿಯಾರ ಕಾಣೋ ಹಾಗೆ ಸ್ಕ್ರೀನ್ ಫೋಟೋ ತೆಗೆದು, ಏನಾಯ್ತು ಅನ್ನೋದನ್ನ ಸಮಯದ ಸಮೇತ ಪೇಪರ್ ಮೇಲೆ ಬರೀರಿ.

ಆಮೇಲಿನ ಕೆಲಸ ಬೇರೆ ಫೋನಿಂದ. ಪಾಸ್‌ವರ್ಡ್ ಬದಲಾಯಿಸಿದ್ರೆ ಸಾಕು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಸಾಕಾಗಲ್ಲ. ಲಾಗಿನ್ ಆಗಿರೋ ಸೆಷನ್ನನ್ನೇ ಕದ್ದಿದ್ರೆ ಕಳ್ಳನಿಗೆ ಪಾಸ್‌ವರ್ಡೇ ಬೇಡ. ಹಾಗಾಗಿ ಮೇಲ್‌ನಲ್ಲಿ ಎಲ್ಲಾ ಡಿವೈಸ್‌ಗಳಿಂದ ಸೈನ್‌ಔಟ್ ಮಾಡಿ, ಬ್ಯಾಂಕಿಗೆ ಹೇಳಿ ನೆಟ್‌ಬ್ಯಾಂಕಿಂಗ್ ನಿಲ್ಲಿಸಿ. ದುಡ್ಡು ಹೋಗಿದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ.

ಈಗ ಎಲ್ಲರೂ ಮರೆಯೋ ವಿಷಯ. ಇತ್ತೀಚಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ. ರಿಕವರಿ ಕೀ ಇಲ್ದೆ ಡಿಸ್ಕ್ ಬಿಚ್ಚಿಟ್ರೆ ಬೀಗದ ಕೈ ಇಲ್ಲದ ಪೆಟ್ಟಿಗೆ ಇಟ್ಟ ಹಾಗೆ. ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ, ಬೇರೆ ಕಂಪ್ಯೂಟರ್‌ನಿಂದ ನೋಡಿ. ಅಲ್ಲಿ ಸಿಗ್ಲಿಲ್ಲ ಅಂದ್ರೆ ಮಾತ್ರ ಅದೇ ಲ್ಯಾಪ್‌ಟಾಪ್‌ನಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನ ಕೊಡಿ:

```
manage-bde -protectors -get C:
```

ಬರೋ 48 ಅಂಕಿಯ ಫೋಟೋ ತೆಗೆದಿಡಿ.

ದೊಡ್ಡ ಕಂಪನಿ ಆದ್ರೆ ಇಲ್ಲಿ ಪರಿಣತರು ಬಂದು ರ‍್ಯಾಮ್ ಕಾಪಿ, ಆಮೇಲೆ ಇಡೀ ಡಿಸ್ಕ್ ಕಾಪಿ ತೆಗೀತಾರೆ. ಮಿಲ್‌ಗೆ ಅಷ್ಟು ಆಗಲ್ಲ, ನಾಳೆ ಬೆಳಿಗ್ಗೆ ಟ್ಯಾಲಿ ಓಡ್ಲೇಬೇಕು. ರ‍್ಯಾಮ್ ಹೋಗ್ಲಿ, ಡಿಸ್ಕ್ ಉಳಿಸೋಣ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಅಂಗಡಿಯವರಿಗೆ "ಫಾರ್ಮ್ಯಾಟ್ ಬೇಡ ಅಣ್ಣ, ಹೊಸ ಎಸ್‌ಎಸ್‌ಡಿ ಹಾಕಿ ಅದಕ್ಕೆ ವಿಂಡೋಸ್ ಹಾಕು, ಹಳೇದು ವಾಪಸ್ ಕೊಡು" ಅನ್ನಿ. ಹಳೇದನ್ನ ಕವರ್‌ಗೆ ಹಾಕಿ, ಸೀರಿಯಲ್ ನಂಬರ್, ತಾರೀಕು ಬರೆದು, ಇಬ್ಬರು ಸಹಿ ಹಾಕಿ ಬೀರುವಲ್ಲಿಡಿ. "ಒಂದ್ಸಲ ನೋಡೋಣ" ಅಂತ ಬೇರೆ ಕಂಪ್ಯೂಟರ್‌ಗೆ ಸಿಗಿಸ್ಬೇಡಿ, ಸಿಗಿಸಿದ ಕೂಡ್ಲೇ ವಿಂಡೋಸ್ ಅದರಲ್ಲಿ ಏನಾದ್ರೂ ಬರೆಯುತ್ತೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡ್‌ಗೇ ಬೆಸೆದಿರುತ್ತೆ. ಆಗ ಡಿಸ್ಕ್ ಕಾಪಿ ತೆಗೆಸೋವರೆಗೂ ಆ ಲ್ಯಾಪ್‌ಟಾಪನ್ನೇ ಪಕ್ಕಕ್ಕಿಟ್ಟು ಬೇರೇದ್ರಲ್ಲಿ ಕೆಲಸ ಮಾಡ್ಬೇಕು.

"ಫಾರ್ಮ್ಯಾಟ್ ಆದ್ಮೇಲೂ ರಿಕವರಿ ಮಾಡ್ಬಹುದಲ್ವಾ?" ಅಂತ ಕಮೆಂಟ್ ಬರುತ್ತೆ ಅಂತ ಗೊತ್ತು. ಹಳೇ ಹಾರ್ಡ್‌ಡಿಸ್ಕ್ ಕಾಲದ ಮಾತು ಅದು. ಎಸ್‌ಎಸ್‌ಡಿ ಫಾರ್ಮ್ಯಾಟ್ ಮಾಡಿದಾಗ "ಈ ಜಾಗ ಖಾಲಿ" ಅಂತ ವಿಂಡೋಸ್ ಡಿಸ್ಕಿಗೆ ಹೇಳುತ್ತೆ, ಡಿಸ್ಕ್ ತಾನೇ ಅದನ್ನ ಒರೆಸಿಹಾಕುತ್ತೆ.

ಇನ್ನೊಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಸರ್ಟಿಫಿಕೇಟ್ ಕೊಡ್ಬೇಕು, ಅದರಲ್ಲಿ ಹ್ಯಾಶ್ ಬರೀಬೇಕು. ಹ್ಯಾಶ್ ಅಂದ್ರೆ ಆ ಡೇಟಾದ ಬೆರಳಚ್ಚು, ಒಂದು ಅಕ್ಷರ ಬದಲಾದ್ರೂ ಬೇರೆ ಬರುತ್ತೆ. ಮುಟ್ಟದೇ ಇಟ್ಟ ಡಿಸ್ಕ್‌ಗೆ ಬೆಲೆ ಬರೋದು ಇಲ್ಲೇ. ಹೊಸ ಎಸ್‌ಎಸ್‌ಡಿಗೆ ಮಾಲೀಕರು ದುಡ್ಡು ಕೊಡಲ್ಲ ಅಂದ್ರೆ, ಲ್ಯಾಪ್‌ಟಾಪ್ ಬಳಸ್ತಿದ್ದವರು ಸ್ವಂತ ದುಡ್ಡಲ್ಲಾದ್ರೂ ತಂದ್ಕೊಡಿ ಅಂತೀನಿ.