ಕೇಳಿದ್ದನ್ನು ಬರೆಯಿರಿ, ಅರ್ಥ ತುಂಬಬೇಡಿ

ಗೊತ್ತಿಲ್ಲದ ಭಾಷೆಯ ಹಾಡನ್ನು ಹುಡುಕಲು ಕಿವಿಗೆ ಬಿದ್ದ ಅಕ್ಷರಗಳನ್ನೇ ಬರೆದುಕೊಂಡರೆ ನಗುವವರಿದ್ದಾರೆ. ಭಾಷೆಯೇ ಬಾರದವನು ಬರೆದದ್ದಕ್ಕೆ ಏನು ಬೆಲೆ ಎಂಬುದು ಅವರ ವಾದ. ನನ್ನ ತಕರಾರು ಅವರ ಮೇಲೆಯೇ.

ಒಮ್ಮೆ ರಾತ್ರಿ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಒಂದು ಕುಣಿತದ ಹಾಡು ಕೇಳಿಸಿತು. ಯಾವ ಭಾಷೆಯೆಂದೂ ತಿಳಿಯಲಿಲ್ಲ. ಪಲ್ಲವಿಯಲ್ಲಿ ಮತ್ತೆ ಮತ್ತೆ ಬಂದದ್ದನ್ನು ‘ನುಮಾ ನುಮಾ’ ಎಂದು ಟಿಕೆಟಿನ ಹಿಂಬದಿ ಬರೆದುಕೊಂಡೆ. ಹಾಸ್ಟೆಲಿನ ಗೆಳೆಯ ಅದನ್ನು ನೋಡಿ, “ಏ, ಅದು ‘ನಮ್ಮಮ್ಮ ನಮ್ಮಮ್ಮ’ ಇರ್ಬೇಕು ಕಣೋ” ಎಂದು ತಿದ್ದಿದ. ತಿದ್ದಿದ್ದನ್ನು ಹುಡುಕಿದರೆ ಸಿಕ್ಕಿದ್ದು ತಾಯಿಯ ಮೇಲಿನ ಕನ್ನಡ ಹಾಡುಗಳು. ನಾನು ಬರೆದದ್ದನ್ನೇ numa numa ಎಂದು ಟೈಪ್ ಮಾಡಿದಾಗ ಹಾಡು ಸಿಕ್ಕಿತು: ಮಾಲ್ಡೋವಾದ ಓ-ಝೋನ್ ತಂಡದ 2003ರ ರೊಮೇನಿಯನ್ ಹಾಡು ‘ಡ್ರಾಗೋಸ್ತ್ಯಾ ದಿನ್ ತೇಯ್’.

ನಾನು ಸರಿಯಾಗಿ ಕೇಳಿರಲಿಲ್ಲ. ರೊಮೇನಿಯನ್ನಿನಲ್ಲಿ ‘ನು’ ಅಂದರೆ ಇಲ್ಲ, ‘ಮ’ ಅಂದರೆ ನನ್ನನ್ನು. ಈ ಎರಡು ಪದಗಳನ್ನು ನಾನು ಒಂದು ಮಾಡಿದ್ದೆ. ಎರಡನೆಯದರ ಮೊಟಕು ಸ್ವರವನ್ನು ದೀರ್ಘ ಮಾಡಿದ್ದೆ. ಆದರೂ ನಕಾರ, ಉಕಾರ, ಮಕಾರ, ಜೋಡಿಯಾಗಿ ಬರುವ ಲಯ ಎಲ್ಲವೂ ಉಳಿದಿದ್ದವು. ಗೆಳೆಯನ ತಿದ್ದುಪಡಿಯಲ್ಲಿ ಉಕಾರವೇ ಹೋಯಿತು, ಇಲ್ಲದ ಒತ್ತಕ್ಷರಗಳು ಬಂದವು, ಎರಡು ಉಚ್ಚಾರಾಂಶ ಮೂರಾಯಿತು. ಕಿವಿಯ ತಪ್ಪನ್ನು ಬೇರೆ ಕಿವಿಗಳೂ ಮಾಡಿರುತ್ತವೆ; ‘ನುಮಾ ನುಮಾ’ ಈ ಹಾಡಿಗೆ ಜಗತ್ತೇ ಇಟ್ಟ ಅಡ್ಡಹೆಸರು. ಅರ್ಥಕ್ಕಾಗಿ ಮಾಡಿದ ತಪ್ಪು ನಮ್ಮ ಭಾಷೆಯೊಳಗೇ ಸುತ್ತುತ್ತದೆ.

ಇದು ಪ್ರಸಿದ್ಧ ಹಾಡಾದ್ದರಿಂದ ಕೆಲಸ ಸುಲಭವಾಯಿತು, ಒಪ್ಪುತ್ತೇನೆ. ಹೆಚ್ಚು ಜನ ಕೇಳಿರದ ಹಾಡಾದರೆ ಟೈಪ್ ಮಾಡಿ ಹುಡುಕುವುದು ಕೈಕೊಡುತ್ತದೆ. ಆಗ ಆ ಭಾಷೆ ಬಲ್ಲವರೊಬ್ಬರ ಮುಂದೆ ಬರೆದದ್ದನ್ನು ಅದೇ ಲಯದಲ್ಲಿ ಓದಬೇಕು. ಅದಕ್ಕೆ ಕನ್ನಡ ಲಿಪಿಯೇ ಮೇಲು: ರೋಮನ್ನಿನ ‘a’ ಹ್ರಸ್ವವೋ ದೀರ್ಘವೋ ಎಂಬುದು ಮರುದಿನ ನಮಗೇ ಮರೆತಿರುತ್ತದೆ. ಪಕಾರವೋ ಬಕಾರವೋ ಎಂಬ ಅನುಮಾನವಿದ್ದರೆ ಎರಡನ್ನೂ ಬರೆಯಿರಿ, ಒಂದನ್ನು ಆರಿಸಬೇಡಿ.

ಅರ್ಥ ತುಂಬುವುದರಲ್ಲಿ ಇನ್ನೊಂದು ಕೇಡೂ ಇದೆ. 2007ರಲ್ಲಿ ಅಮೆರಿಕದವರೊಬ್ಬರು ‘ಪೆಣ್ಣಿನ್ ಮನತೈ ತೊಟ್ಟು’ ಎಂಬ ತಮಿಳು ಚಿತ್ರದಲ್ಲಿ ಪ್ರಭುದೇವ ಕುಣಿದ ಹಾಡಿಗೆ, ಇಂಗ್ಲಿಷಿನಂತೆ ಕೇಳಿಸಿದ್ದನ್ನೆಲ್ಲ ಉಪಶೀರ್ಷಿಕೆಯಾಗಿ ಹಾಕಿದರು. ಮಾಡಿದ್ದು ತಮಾಷೆಗೇ. ‘ನಿಲಾವೋ’ ಎಂಬಲ್ಲಿ ‘ಬೆನ್ನಿ ಲಾವಾ’ ಬಂತು. ‘ನಿಲಾವಾ’ ಎಂದಷ್ಟೇ ಬರೆದಿದ್ದರೆ ತಮಿಳು ಬಲ್ಲ ಯಾರಾದರೂ ಅದರಲ್ಲಿ ಚಂದ್ರನನ್ನು ಕಾಣುತ್ತಿದ್ದರು. ‘ಬೆನ್ನಿ’ ಮಾತ್ರ ಹಾಡಿನಲ್ಲಿ ಎಲ್ಲೂ ಇರಲಿಲ್ಲ. ಕೇಳುಗ ತನ್ನ ಮನೆಯಿಂದ ತಂದ ಹೆಸರು ಅದು. ಅಂತರಜಾಲ ಮಾತ್ರ ಆ ಹಾಡನ್ನು ಇವತ್ತಿಗೂ ‘ಬೆನ್ನಿ ಲಾವಾ’ ಎಂದೇ ಗುರುತಿಸಿ ನಗುತ್ತದೆ.

ನನ್ನ ಗೆಳೆಯನ ‘ನಮ್ಮಮ್ಮ’ನೂ ಆ ಬೆನ್ನಿಯ ನೆಂಟಳೇ. ನಗುವುದಾದರೆ ಅವಳನ್ನು ನೋಡಿ ನಗಿ, ನನ್ನ ಟಿಕೆಟಿನ ಮೇಲಿದ್ದ ಅರ್ಥವಿಲ್ಲದ ನಾಲ್ಕಕ್ಷರವನ್ನಲ್ಲ.