ಹಲ್ಲು ಕೀಳಿಸುವ ಒಂದು ತಾಸು ಮೊದಲು: ಹೃದಯದ ವಾಲ್ವ್ ಕೆಟ್ಟವರು ಹೇಳಲೇಬೇಕಾದ ಮಾತು



ನಿಫಾಡ್, ಲಾಸಲಗಾಂವ್, ಪಿಂಪಳಗಾಂವ್ ಸುತ್ತಮುತ್ತ ದ್ರಾಕ್ಷಿ ತೋಟಕ್ಕೋ ಉಳ್ಳಾಗಡ್ಡಿ ಮಾರ್ಕೆಟ್ಟಿಗೋ ಕೆಲಸಕ್ಕೆ ಬಂದು ನಿಂತಿರುವ ನಮ್ಮವರಿಗೆ ಈ ಸಲದ ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ವಾಲ್ವ್ ಬದಲಿಸಿದ್ದರೆ, ಅಥವಾ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ವಾಲ್ವ್ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದರೆ, ದಯವಿಟ್ಟು ಪೂರ್ತಿ ಓದಿ. ಅಂಥವರು ಯಾರೂ ಇಲ್ಲದಿದ್ದರೆ, ಇರುವವರಿಗೆ ಕಳಿಸಿ.

*ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ?*

ನಮ್ಮ ಬಾಯಲ್ಲಿ ಸದಾ ಕಾಲ ಕೀಟಾಣುಗಳು ಇರುತ್ತವೆ. ಹಲ್ಲು ಕೀಳುವಾಗ, ವಸಡಿನ ಒಳಗಿನ ಪಾಚಿ ಕೆರೆದು ತೆಗೆಯುವಾಗ, ಅವುಗಳಲ್ಲಿ ಕೆಲವು ರಕ್ತಕ್ಕೆ ಇಳಿಯುತ್ತವೆ. ಹೃದಯ ಗಟ್ಟಿಯಿದ್ದವರಲ್ಲಿ ಸ್ವಲ್ಪ ಹೊತ್ತಿನಲ್ಲೇ ಶರೀರ ಅವನ್ನು ಒರೆಸಿ ಹಾಕುತ್ತದೆ. ಆದರೆ ವಾಲ್ವ್ ಒರಟಾಗಿದ್ದರೆ, ಅಥವಾ ಅಲ್ಲಿ ಲೋಹದ್ದೋ ಪ್ರಾಣಿಯ ಅಂಗಾಂಶದ್ದೋ ಕೃತಕ ವಾಲ್ವ್ ಕೂತಿದ್ದರೆ, ಕೀಟಾಣುಗಳು ಅದಕ್ಕೆ ಅಂಟಿಕೊಂಡು ಗೂಡು ಕಟ್ಟಬಹುದು. ಇದಕ್ಕೆ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ವಾಲ್ವ್ ತೂತು ಬೀಳಬಹುದು, ಗೂಡಿನ ತುಣುಕು ಕಳಚಿ ಮೆದುಳಿಗೆ ಹೋಗಿ ಲಕ್ವ ಹೊಡೆಯಬಹುದು. ಚಿಕಿತ್ಸೆ ಎಂದರೆ ವಾರಗಟ್ಟಲೆ ದವಾಖಾನೆಯಲ್ಲಿ ಮಲಗಿ ನರಕ್ಕೆ ಆಂಟಿಬಯಾಟಿಕ್ ಹಾಕಿಸಿಕೊಳ್ಳುವುದು. ಅಷ್ಟಾದರೂ ಜೀವ ಉಳಿಯದವರಿದ್ದಾರೆ.

ಇದನ್ನು ತಡೆಯಲು, ಹಲ್ಲಿನ ಕೆಲಸಕ್ಕೆ ಮೊದಲೇ ಒಂದು ಸಲ ಆಂಟಿಬಯಾಟಿಕ್ ಕೊಡುವ ಪದ್ಧತಿ ಇದೆ. ಅಮೆರಿಕದ ಹೃದ್ರೋಗ ಸಂಘ 1955ರಲ್ಲೇ ಇದನ್ನು ಹೇಳಿತು. ಆಮೇಲೆ ಬಹಳ ಜನಕ್ಕೆ ಸುಮ್ಮಸುಮ್ಮನೆ ಔಷಧ ಹೋಗುತ್ತಿದೆ ಎಂದು 2007ರಲ್ಲಿ ಪಟ್ಟಿಯನ್ನು ಚಿಕ್ಕದು ಮಾಡಿತು. ಈಗ ಆ ಪಟ್ಟಿಯಲ್ಲಿ ಮುಖ್ಯವಾಗಿ ಉಳಿದವರು ಇವರು: ಕೃತಕ ವಾಲ್ವ್ ಹಾಕಿಸಿಕೊಂಡವರು, ಒಮ್ಮೆ ಎಂಡೋಕಾರ್ಡೈಟಿಸ್ ಬಂದು ಬದುಕಿದವರು, ಮತ್ತು ಹುಟ್ಟಿನಿಂದಲೇ ಕೆಲವು ಗಂಭೀರ ಹೃದಯದೋಷ ಇರುವವರು.

*ಒಂದು ಉದಾಹರಣೆ ಹಿಡಿಯೋಣ*

ವಿಜಯಪುರ ಕಡೆಯ ಒಬ್ಬ ತಾಯಿ, ವಯಸ್ಸು 40ರ ಆಸುಪಾಸು. ಐದು ವರ್ಷದ ಹಿಂದೆ ಬೆಂಗಳೂರಿನ ಜಯದೇವದಲ್ಲಿ ಲೋಹದ ವಾಲ್ವ್ ಕೂರಿಸಿದ್ದಾರೆ ಎಂದುಕೊಳ್ಳಿ. ದಿನಾ ರಕ್ತ ತೆಳು ಮಾಡುವ ಗುಳಿಗೆ ನುಂಗುತ್ತಾರೆ. ದ್ರಾಕ್ಷಿ ಕೊಯ್ಲಿನ ಸುಗ್ಗಿಯಲ್ಲಿ ಗಂಡನ ಜೊತೆ ನಿಫಾಡಿಗೆ ಬಂದಿದ್ದಾರೆ. ದವಾಖಾನೆಯ ಫೈಲು ಊರಲ್ಲಿ ಟ್ರಂಕಿನೊಳಗೆ. ದವಡೆ ಹಲ್ಲು ನೋಯಲು ಶುರುವಾಯಿತು. ಕೂಲಿ ಬಿಡಲಾಗದೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಅಮಾಕ್ಸಿಸಿಲಿನ್ 500ರ ಗುಳಿಗೆ ಮೂರು ದಿನ ತಗೊಂಡರು. ನೋವು ಇಳಿಯಲಿಲ್ಲ. ನಾಲ್ಕನೆಯ ದಿನ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಹಲ್ಲು ಕೀಳಬೇಕು ಎಂದರು.

ಇಲ್ಲಿ ಮೂರು ಕಡೆ ಕೆಲಸ ಕೆಡಬಹುದು.

ಮೊದಲನೆಯದು, ವಾಲ್ವಿನ ಮಾತೇ ಬಾರದಿರುವುದು. ಹಲ್ಲು ನೋಯುತ್ತಿದ್ದರೆ ಹೃದಯದ ಕಥೆ ಯಾಕೆ ಎಂದು ಅವರಿಗೆ ಅನಿಸಬಹುದು. ಮರಾಠಿ ಸರಿಯಾಗಿ ಬಾರದಿದ್ದರಂತೂ ಹೇಳುವುದು ಇನ್ನೂ ಕಷ್ಟ. ಡಾಕ್ಟರು ಹಲ್ಲು ಕಿತ್ತು ಐದು ದಿನದ ಗುಳಿಗೆ ಬರೆದು ಕಳಿಸುತ್ತಾರೆ. ಆ ಐದು ದಿನದ ಗುಳಿಗೆ, ಮೊದಲೇ ಕೊಡಬೇಕಿದ್ದ ಒಂದು ಡೋಸಿಗೆ ಸಮವಲ್ಲ. ಕೀಟಾಣು ರಕ್ತಕ್ಕೆ ಇಳಿಯುವ ಗಳಿಗೆಯಲ್ಲೇ ಔಷಧ ರಕ್ತದಲ್ಲಿ ಇರಬೇಕು, ಅದೇ ಇದರ ಗುಟ್ಟು. ಆದ್ದರಿಂದ ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500ರ ನಾಲ್ಕು ಗುಳಿಗೆ ಒಟ್ಟಿಗೆ, ಹಲ್ಲು ಮುಟ್ಟುವ 30ರಿಂದ 60 ನಿಮಿಷ ಮೊದಲು. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ. 20 ಕಿಲೋ ಮಗುವಿಗೆ 1 ಗ್ರಾಂ. ಒಂದೇ ಸಲ, ಮುಗಿಯಿತು. ಮರೆತುಹೋಗಿದ್ದರೆ ಹಲ್ಲು ಕಿತ್ತ ಎರಡು ತಾಸಿನೊಳಗೆ ಕೊಡಬಹುದು.

ಎರಡನೆಯದು, ಅಂಗಡಿಯ ಗುಳಿಗೆ. ಮೂರು ದಿನ ಅಮಾಕ್ಸಿಸಿಲಿನ್ ತಗೊಂಡ ಬಾಯಲ್ಲಿ ಅದಕ್ಕೆ ಸಾಯದ ಕೀಟಾಣುಗಳೇ ಹೆಚ್ಚಾಗಿ ಉಳಿದಿರುತ್ತವೆ. ಈಗ ಅದನ್ನೇ ನಾಲ್ಕು ಗುಳಿಗೆ ಕೊಟ್ಟರೆ ಕೆಲಸ ಮಾಡುತ್ತದೆ ಎಂಬ ನೆಚ್ಚಿಕೆ ಇಲ್ಲ. ಕೆಲಸ ತಡೆಯುವಂತಿದ್ದರೆ ಆ ಗುಳಿಗೆ ಮುಗಿದು ಹತ್ತು ದಿನವಾದರೂ ಕಾಯುತ್ತಾರೆ. ಕೀವು ತುಂಬಿದ್ದರೆ ಕಾಯಲಾಗದು. ಆಗ ಬೇರೆ ಜಾತಿಯ ಔಷಧ, ಅಜಿತ್ರೋಮೈಸಿನ್ 500 ಮಿಲಿಗ್ರಾಂ ಅಥವಾ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ಆರಿಸುತ್ತಾರೆ. ಪೆನಿಸಿಲಿನ್ ಮೈಗೆ ಒಗ್ಗದವರಿಗೂ ಈ ಔಷಧಗಳೇ. ಯಾವುದು ಎಂದು ಡಾಕ್ಟರು ನಿರ್ಧರಿಸಲಿ. ಆದರೆ ಅಂಗಡಿಯಿಂದ ಏನು ತಗೊಂಡಿದ್ದೀರಿ ಎಂದು ಹೇಳಬೇಕಾದವರು ನೀವೇ. ಖಾಲಿ ಪಟ್ಟಿ ಬಿಸಾಡಬೇಡಿ, ಜೊತೆಗೆ ಒಯ್ಯಿರಿ.

ಮೂರನೆಯದು, ರಕ್ತ ತೆಳು ಮಾಡುವ ಗುಳಿಗೆ. ರಕ್ತ ನಿಲ್ಲಲಿಕ್ಕಿಲ್ಲ ಎಂದು ಹೆದರಿ ಕೆಲವರು ತಾವಾಗಿಯೇ ಎರಡು ಮೂರು ದಿನ ಇದನ್ನು ಬಿಡುತ್ತಾರೆ. ಲೋಹದ ವಾಲ್ವ್ ಇದ್ದವರಿಗೆ ಇದು ಹಲ್ಲು ಕೀಳುವುದಕ್ಕಿಂತ ಅಪಾಯ. ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿ ಅದು ಸಿಕ್ಕಿಹಾಕಿಕೊಳ್ಳಬಹುದು. ಹಿಂದಿನ ದಿನ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ. ಅದು 3.5ರ ಒಳಗಿದ್ದರೆ ಸಾಮಾನ್ಯವಾಗಿ ಗುಳಿಗೆ ನಿಲ್ಲಿಸದೆಯೇ ಒಂದೆರಡು ಹಲ್ಲು ಕೀಳಬಹುದು; ಹೊಲಿಗೆ ಹಾಕಿ, ಬಟ್ಟೆ ಒತ್ತಿ ರಕ್ತ ನಿಲ್ಲಿಸುತ್ತಾರೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಈ ಗುಳಿಗೆಯ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚು.

*ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ*

ವಸಡು ಕೊರೆಯುವ, ರಕ್ತ ಬರಿಸುವ, ಬೇರಿನ ತುದಿ ಮುಟ್ಟುವ ಕೆಲಸಕ್ಕೆ ಬೇಕು: ಹಲ್ಲು ಕೀಳುವುದು, ವಸಡಿನ ಒಳಗೆ ಕ್ಲೀನಿಂಗ್, ವಸಡಿನ ಆಪರೇಷನ್. ಎಕ್ಸ್‌ರೇ ತೆಗೆಯಲು, ಕಟ್ಟಿಸಿದ ಹಲ್ಲಿನ ಸೆಟ್ಟು ಕೂರಿಸಲು ಬೇಡ. ಮಗುವಿನ ಹಾಲುಹಲ್ಲು ತಾನಾಗಿ ಬಿದ್ದರೂ ಬೇಡ.

*ಸ್ವಂತ ವಾಲ್ವ್ ಕೆಟ್ಟವರ ಕಥೆ ಏನು?*

ವಾದ ಇರುವುದು ಇಲ್ಲೇ, ಈ ಬರಹದಲ್ಲಿ ನನ್ನ ಅಭಿಪ್ರಾಯವೂ ಇಲ್ಲೇ. ನಮ್ಮ ನಾಡಿನಲ್ಲಿ ವಾಲ್ವ್ ಕೆಡುವುದಕ್ಕೆ ದೊಡ್ಡ ಕಾರಣ ಚಿಕ್ಕಂದಿನ ಗಂಟಲುನೋವಿನಿಂದ ಹುಟ್ಟುವ ರುಮ್ಯಾಟಿಕ್ ಜ್ವರ. ಇಕ್ಕಟ್ಟಾದ ಮನೆ, ತಡವಾದ ಚಿಕಿತ್ಸೆ ಇರುವಲ್ಲಿ ಅದು ಹೆಚ್ಚು. ಅಂಥವರಲ್ಲಿ ಬಹಳ ಜನರಿಗೆ ಇನ್ನೂ ಕೃತಕ ವಾಲ್ವ್ ಕೂತಿಲ್ಲ. ಅಮೆರಿಕ, ಯುರೋಪಿನ ಪಟ್ಟಿಯಲ್ಲಿ ಇವರಿಗೆ ಜಾಗವಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳು ಇವರನ್ನೂ ಸೇರಿಸಿಕೊಂಡಿವೆ, ಏಕೆಂದರೆ ಅಲ್ಲಿನ ಮೂಲನಿವಾಸಿಗಳಲ್ಲಿ ಈ ಕಾಯಿಲೆ ಇನ್ನೂ ಇದೆ. ಇಂಗ್ಲೆಂಡ್ 2008ರಲ್ಲಿ ಯಾರಿಗೂ ಬೇಡ ಎಂದಿತ್ತು, 2016ರಲ್ಲಿ ಆ ಮಾತನ್ನು ಸ್ವಲ್ಪ ಸಡಿಲಿಸಿತು. ಗುಳಿಗೆ ಕೊಟ್ಟವರನ್ನೂ ಕೊಡದವರನ್ನೂ ಚೀಟಿ ಎತ್ತಿದಂತೆ ಬೇರೆ ಮಾಡಿ ಹೋಲಿಸಿದ ಪರೀಕ್ಷೆ ನಡೆದಿಲ್ಲವಾದ್ದರಿಂದ ಪಂಡಿತರಲ್ಲೇ ಒಮ್ಮತವಿಲ್ಲ.

ನನ್ನ ಮಾತು ಇಷ್ಟು: ಪಟ್ಟಿ ಬರೆದವರ ಊರಲ್ಲಿ ರುಮ್ಯಾಟಿಕ್ ವಾಲ್ವ್ ಅಪರೂಪ, ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವ ರೂಢಿ ಇದೆ. ತೋಟದ ಶೆಡ್ಡಿನಲ್ಲಿ ಇರುವ, ಹಲ್ಲು ಹುಳುಕಾಗಿ ಕೀವು ತುಂಬಿದ ಮೇಲೆ ಮಾತ್ರ ಡಾಕ್ಟರ ಮುಖ ನೋಡುವ ನಮ್ಮ ಮಂದಿಗೆ ಆ ಪಟ್ಟಿಯನ್ನು ಹಾಗೆಯೇ ಹೊಂದಿಸಲಾಗದು. ರುಮ್ಯಾಟಿಕ್ ವಾಲ್ವ್ ಇದ್ದು ಹಲ್ಲು ಕೀಳಿಸಬೇಕಾದರೆ, ಒಂದು ಡೋಸು ಬೇಕೇ ಎಂದು ಹೃದಯದ ಡಾಕ್ಟರನ್ನು ಫೋನಿನಲ್ಲಾದರೂ ಕೇಳಿ. ಅವರು ಬೇಡ ಎಂದರೆ ಬೇಡ. ನೀವೇ ಅಂಗಡಿಯಲ್ಲಿ ಕೊಂಡು ನುಂಗಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ: "ನಮಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಇದೆಯಲ್ಲ, ಅದೇ ಸಾಕು." ಸಾಲದು. ಆ ಸೂಜಿ ರುಮ್ಯಾಟಿಕ್ ಜ್ವರ ಮರಳದಂತೆ ಕಾಯುತ್ತದೆ, ಅದನ್ನು ತಪ್ಪಿಸಲೂ ಬಾರದು. ಆದರೆ ಅದರಿಂದ ರಕ್ತದಲ್ಲಿ ಇರುವ ಔಷಧದ ಮಟ್ಟ ಬಹಳ ಕಡಿಮೆ, ಹಲ್ಲು ಕೀಳುವಾಗಿನ ಕೀಟಾಣುವಿಗೆ ಅದು ತಡೆಯಲ್ಲ. ಸೂಜಿ ನಡೆಯುತ್ತಿದೆ ಎಂದು ಹಲ್ಲಿನ ಡಾಕ್ಟರಿಗೆ ಹೇಳಿ. ಔಷಧ ಆರಿಸಲು ಅವರಿಗೆ ಅದು ಗೊತ್ತಿರಬೇಕು.

*ಗುಳಿಗೆ ತಗೊಂಡ ಮೇಲೂ*

ಹಲ್ಲಿನ ಕೆಲಸವಾದ ನಂತರದ ವಾರಗಳಲ್ಲಿ ಬಿಟ್ಟೂ ಬಿಡದ ಜ್ವರ, ರಾತ್ರಿ ಬೆವರು, ಸುಸ್ತು ಕಂಡರೆ ಟೈಫಾಯ್ಡು ಇರಬಹುದು ಎಂದು ಆಂಟಿಬಯಾಟಿಕ್ ಸೂಜಿ ಹಾಕಿಸಿಕೊಳ್ಳಬೇಡಿ. ವಾಲ್ವ್ ಇದ್ದವರಿಗೆ ಜ್ವರ ಬಂದರೆ ಮೊದಲು ರಕ್ತದ ಕಲ್ಚರ್ ಪರೀಕ್ಷೆ, ಬೇರೆ ಬೇರೆ ಸಲ ಚುಚ್ಚಿ ಮೂರು ಬಾರಿ ರಕ್ತ ತೆಗೆಯಬೇಕು. ಆಮೇಲೆ ಔಷಧ. ಮೊದಲೇ ಸೂಜಿ ಬಿದ್ದರೆ ಕೀಟಾಣು ಪರೀಕ್ಷೆಯಲ್ಲಿ ಸಿಗದೆ ಅಡಗುತ್ತದೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಹೀಗೆ ಜ್ವರ ಬಂದರೆ ಊರಿಗೆ ಹೋದ ಮೇಲೆ ನೋಡೋಣ ಎನ್ನದೆ ನಾಸಿಕದ ಸಿವಿಲ್ ಆಸ್ಪತ್ರೆಗೋ ಹೃದಯದ ಡಾಕ್ಟರಿರುವ ದೊಡ್ಡ ದವಾಖಾನೆಗೋ ಹೋಗಿ.

ಇನ್ನು ಹಲ್ಲುಜ್ಜುವುದು. ವಸಡು ಕೆಟ್ಟವರಿಗೆ ಬ್ರಶ್ ಮಾಡುವಾಗ, ಊಟ ಅಗಿಯುವಾಗಲೂ ಕೀಟಾಣು ರಕ್ತಕ್ಕೆ ಇಳಿಯುತ್ತದೆ. ಹಲ್ಲು ಕೀಳಿಸುವುದು ವರ್ಷಕ್ಕೊಮ್ಮೆಯಾದರೆ, ಊಟ ದಿನಕ್ಕೆ ಮೂರು ಸಲ. ಎರಡು ಹೊತ್ತು ಬ್ರಶ್ ಮಾಡಿ. ತಂಬಾಕು, ಮಿಶ್ರಿ ಬಿಡಿ. ವಾಲ್ವ್ ಆಪರೇಷನ್ನಿಗೆ ತಾರೀಖು ಕೊಟ್ಟಿದ್ದರೆ, ಅದಕ್ಕೆ ಮೊದಲೇ ಕೆಟ್ಟ ಹಲ್ಲೆಲ್ಲ ನೋಡಿಸಿಬಿಡಿ. ಛತ್ರಪತಿ ಸಂಭಾಜಿನಗರದಲ್ಲಿ ಸರ್ಕಾರಿ ದಂತ ಕಾಲೇಜೇ ಇದೆ.

*ಇವತ್ತೇ ಮಾಡಬಹುದಾದದ್ದು*

ಊರಿಗೆ ಫೋನು ಮಾಡಿ, ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಕಾಗದದ ಫೋಟೋ ತರಿಸಿ. ವಾಲ್ವ್ ಹೆಸರು, ಆಪರೇಷನ್ ತಾರೀಖು, ನಡೆಯುತ್ತಿರುವ ಗುಳಿಗೆ, ಒಗ್ಗದ ಔಷಧ, ಇಷ್ಟು ಅದರಲ್ಲಿ ಕಾಣಬೇಕು. ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ. ಹಲ್ಲಿನ ಕುರ್ಚಿಯಲ್ಲಿ ಕೂರುವ ಮೊದಲು ಮರಾಠಿಯಲ್ಲಿ ಹೀಗೆ ಹೇಳಿ:

"ಮಾಝ್ಯಾ ಹೃದಯಾಚೀ ಝಡಪ ಬದಲಲೇಲೀ ಆಹೇ." (ನನ್ನ ಹೃದಯದ ವಾಲ್ವ್ ಬದಲಿಸಿದ್ದಾರೆ.)

"ಮಾಝ್ಯಾ ಹೃದಯಾಚೀ ಝಡಪ ಖರಾಬ ಆಹೇ." (ನನ್ನ ಹೃದಯದ ವಾಲ್ವ್ ಕೆಟ್ಟಿದೆ.)

"ರಕ್ತ ಪಾತಳ ಕರಣ್ಯಾಚೀ ಗೋಳೀ ಚಾಲೂ ಆಹೇ." (ರಕ್ತ ತೆಳು ಮಾಡುವ ಗುಳಿಗೆ ನಡೆಯುತ್ತಿದೆ.)

ಇಷ್ಟು ಕೇಳಿದ ಮೇಲೂ ಡಾಕ್ಟರು ಆ ಒಂದು ಡೋಸಿನ ಮಾತು ಎತ್ತದಿದ್ದರೆ, ಮೊಬೈಲಿನ ಫೋಟೋ ತೋರಿಸಿ ನೀವೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.